ಮಣಿಕಟ್ಟಿನ ಕಡೆಗೇ ಓಡುವ ಕಣ್ಣು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು ಒಂದು ಸಂಖ್ಯೆಯಿಂದ ಶುರು ಮಾಡುತ್ತೇನೆ: 916. ಅಮೆರಿಕದ ಎಪ್ಪತ್ತು ವರ್ಷದ ಮಹಿಳೆಯೊಬ್ಬರು ಒಂದೇ ವರ್ಷದಲ್ಲಿ ತಮ್ಮ ಸ್ಮಾರ್ಟ್‌ವಾಚಿನಲ್ಲಿ ತೆಗೆದುಕೊಂಡ ಇಸಿಜಿಗಳ ಲೆಕ್ಕ ಇದು. 2020ರಲ್ಲಿ ಈ ಪ್ರಕರಣ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಿಗೆ ಏಟ್ರಿಯಲ್ ಫಿಬ್ರಿಲೇಷನ್ ಇತ್ತು, ಅಂದರೆ ಹೃದಯದ ಮೇಲಿನ ಕೋಣೆಗಳು ಆಗಾಗ ಲಯ ತಪ್ಪಿ ಅದುರುವ ತೊಂದರೆ. ಕಾಯಿಲೆ ನಿಜವಾದದ್ದೇ, ಅನುಮಾನವಿಲ್ಲ. ಆದರೆ ಆ 916ರಲ್ಲಿ ಬಹುಪಾಲು ಇಸಿಜಿಗಳು ತೋರಿಸಿದ್ದು ಸರಿಯಾದ ಲಯವನ್ನು. ಹಾಗಿದ್ದೂ ಅವರು ಆ ವರ್ಷ ಕ್ಲಿನಿಕ್ಕು, ತುರ್ತು ವಿಭಾಗ ಎಂದು ಹನ್ನೆರಡು ಸಲ ಓಡಿದರು. ಕೊನೆಗೆ ಅವರಿಗೆ ಬೇಕಾಗಿ ಬಂದದ್ದು ಆರೋಗ್ಯದ ಆತಂಕಕ್ಕೆ ಕೊಡುವ ಮನಶ್ಶಾಸ್ತ್ರೀಯ ಚಿಕಿತ್ಸೆ.

ನೂರಾರು ಸಲ ‘ಎಲ್ಲ ಸರಿ ಇದೆ’ ಎಂಬ ಉತ್ತರ ಸಿಕ್ಕರೂ ಮತ್ತೆ ನೋಡಬೇಕು ಅನ್ನಿಸಿದ್ದು ಏಕೆ? ಇವತ್ತು ಬಿಡಿಸಲು ಹೊರಟಿರುವ ಗಂಟು ಇದೇ. ನಿದ್ದೆ, ಆಮ್ಲಜನಕ, ಹೆಜ್ಜೆ, ಒತ್ತಡ ಎಂದು ವಾಚು ಏನೇನೋ ಅಳೆಯುತ್ತದೆ. ಅದರಲ್ಲಿ ಎದೆಬಡಿತ ಒಂದನ್ನೇ ಮುಖ್ಯವಾಗಿ ಹಿಡಿದುಕೊಳ್ಳೋಣ, ನಮ್ಮಲ್ಲಿ ಅತಿ ಹೆಚ್ಚು ಹೆದರಿಸುವುದು ಅದೇ. ಕಾರಣ ನಿಮಗೇ ಗೊತ್ತಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ, ಮತ್ತೆ 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನಾ ಬರತೊಡಗಿದಾಗ, ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆಸ್ಪತ್ರೆಯ ಸಾಲು ಕೆಲವು ವಾರಕ್ಕೆ ಕರಗಿತು. ಮಣಿಕಟ್ಟಿನ ಮೇಲಿನ ತಪಾಸಣೆ ಮಾತ್ರ ಹಲವರಲ್ಲಿ ಹಾಗೇ ಉಳಿದುಕೊಂಡಿತು.

ಮೊದಲು ವಾಚಿಗೆ ಏನು ಕಾಣುತ್ತದೆ ಎಂದು ನೋಡೋಣ. ತಿರುಗಿಸಿದರೆ ಅಡಿಯಲ್ಲಿ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಒಂದಿಷ್ಟು ಹೆಚ್ಚಿ ಇಳಿಯುವುದರಿಂದ ವಾಪಸು ಬರುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತವನ್ನು ಎಣಿಸಿ ವಾಚು ಸಂಖ್ಯೆ ಕೊಡುತ್ತದೆ. ಸುಮ್ಮನೆ ಕೂತಿರುವಾಗ ಈ ಎಣಿಕೆ ಸಾಕಷ್ಟು ನಂಬಿಕಸ್ಥ. ಬೆಲ್ಟ್ ಸಡಿಲವಾಗಿ ವಾಚು ಜಾರುತ್ತಿದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ, ಕೈ ಅಲ್ಲಾಡುತ್ತಿದ್ದರೆ ತಪ್ಪುತ್ತದೆ. ಬಿರುಸಾಗಿ ನಡೆಯುವಾಗ ಒಂದು ವಿಚಿತ್ರ ತಪ್ಪೂ ಆಗುವುದುಂಟು: ವಾಚು ಬಡಿತ ಬಿಟ್ಟು ಹೆಜ್ಜೆಯ ತಾಳವನ್ನೇ ಎಣಿಸಿಬಿಡುತ್ತದೆ. ಬೆಳಗಿನ ವಾಕಿಂಗಿನಲ್ಲಿ ಮೈ ಇನ್ನೂ ಬೆಚ್ಚಗಾಗುವ ಮೊದಲೇ 118 ಎಂದು ಕಂಡರೆ, ಹದಿನೈದು ಸೆಕೆಂಡ್ ಹೆಜ್ಜೆ ಎಣಿಸಿ ನಾಲ್ಕರಿಂದ ಗುಣಿಸಿ. ಅದೂ 118ರ ಆಸುಪಾಸು ಬಂದರೆ ಆ ಸಂಖ್ಯೆ ನಿಮ್ಮ ಕಾಲಿನದ್ದಾಗಿರುವ ಸಾಧ್ಯತೆ ಹೆಚ್ಚು. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ ಸರಿಸಿ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಇಂಥ ತಪ್ಪುಗಳು ಬಹಳ ಕಡಿಮೆಯಾಗುತ್ತವೆ.

ಇದಕ್ಕಿಂತ ಮುಖ್ಯವಾದದ್ದು ವಾಚಿಗೆ ಏನು ಕಾಣುವುದಿಲ್ಲ ಎಂಬುದು. ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಹಸಿರು ದೀಪಕ್ಕೆ ಅದು ಕಾಣುವುದಿಲ್ಲ. ಆಸ್ಪತ್ರೆಯ ಇಸಿಜಿ ಹತ್ತು ಕಡೆ ಎಲೆಕ್ಟ್ರೋಡ್ ಅಂಟಿಸಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತದೆ. ವಾಚಿನ ಇಸಿಜಿ ಮೂವತ್ತು ಸೆಕೆಂಡ್ ಕಾಲ ಒಂದೇ ಕೋನದಿಂದ ನೋಡುತ್ತದೆ. ಅದರಿಂದ ಲಯದ ಬಗ್ಗೆ ಏನಾದರೂ ಹೇಳಬಹುದು, ನಾಳದ ಬಗ್ಗೆ ಹೇಳಲಾಗದು. ತಯಾರಕರೂ ಇದನ್ನು ಬರೆದೇ ಇರುತ್ತಾರೆ, ಓದುವವರು ಕಡಿಮೆ. ಹಾಗಾಗಿ ಹೃದಯಾಘಾತದ ಭಯಕ್ಕೆ ದಿನಕ್ಕೆ ಐವತ್ತು ಸಲ ಬಡಿತ ನೋಡುವವರು ತಮ್ಮ ಪ್ರಶ್ನೆಗೆ ಉತ್ತರವೇ ಇಲ್ಲದ ಕಡೆ ಉತ್ತರ ಹುಡುಕುತ್ತಿದ್ದಾರೆ. ಇದರ ಇನ್ನೊಂದು ಮಗ್ಗುಲು ಅಪಾಯಕಾರಿ. ನಿಜವಾಗಿ ಎದೆ ಹಿಂಡುತ್ತಿರುವಾಗ ವಾಚು 78 ತೋರಿಸಿತೆಂದು ಮನೆಯಲ್ಲೇ ಕೂತರೆ ಅಮೂಲ್ಯ ಸಮಯ ಹೋಗುತ್ತದೆ.

ಈಗ ಗಂಟಿಗೆ ಬರೋಣ. ಒಂದು ಉದಾಹರಣೆ ಕೊಡುತ್ತೇನೆ. ಇದು ಯಾರೋ ಒಬ್ಬರ ಕಥೆಯಲ್ಲ, ಹಲವರಲ್ಲಿ ಕಾಣುವುದನ್ನು ಸೇರಿಸಿ ಕಟ್ಟಿದ ಮಾದರಿ. ಮೂವತ್ತೆಂಟು ವರ್ಷದ ಬ್ಯಾಂಕ್ ನೌಕರ ಎಂದುಕೊಳ್ಳಿ. ವೈದ್ಯರು ನೋಡಿದ್ದಾರೆ, ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ರಾತ್ರಿ ಒಂಬತ್ತೂವರೆಗೆ ಹೊಟ್ಟೆತುಂಬ ಮುದ್ದೆ ಉಂಡು ಹಾಸಿಗೆಗೆ ಒರಗುತ್ತಾರೆ. ವಾಚು ನೋಡಿದರೆ 84. ‘ಯಾವಾಗಲೂ 68 ಇರುತ್ತಿತ್ತಲ್ಲ!’ ಮತ್ತೆ ನೋಡುತ್ತಾರೆ, 91. ಎದ್ದು ಕೂರುತ್ತಾರೆ, 98. ನೀರು ಕುಡಿಯೋಣ ಎಂದು ಅಡುಗೆಮನೆಗೆ ಹೋಗಿ ನಿಂತು ನೋಡಿದರೆ 106. ಗಾಬರಿಯಲ್ಲಿ ಇಸಿಜಿ ತೆಗೆದರೆ ಪರದೆಯ ಮೇಲೆ `Inconclusive` ಎಂದು ಬರುತ್ತದೆ. ಹೆಂಡತಿಯನ್ನು ಎಬ್ಬಿಸುತ್ತಾರೆ.

ಒಂದೊಂದೇ ಮೆಟ್ಟಿಲು ನೋಡಿ. ಊಟವಾದ ಮೇಲೆ ಜೀರ್ಣಕ್ಕೆ ರಕ್ತ ಹೆಚ್ಚು ಬೇಕು, ಹಾಗಾಗಿ ಬಡಿತ ಒಂದಷ್ಟು ಏರುವುದು ಸಹಜ. 84 ಅಲ್ಲಿಂದ ಬಂತು. 91ಕ್ಕೆ ಏರಿಸಿದ್ದು ಹೆದರಿಕೆ: ‘ಏನೋ ಆಗಿದೆ’ ಅನ್ನಿಸಿದ ಕೂಡಲೇ ಅಡ್ರಿನಲಿನ್ ಸುರಿಯುತ್ತದೆ, ಹೃದಯ ವೇಗ ಪಡೆಯುತ್ತದೆ. ಮಲಗಿದವರು ಎದ್ದು ನಿಂತರೆ ಆರೋಗ್ಯವಂತರಲ್ಲೂ ಬಡಿತ ಹತ್ತು, ಇಪ್ಪತ್ತು ಹೆಚ್ಚುತ್ತದೆ. 98 ಮತ್ತು 106ಕ್ಕೆ ಅದೂ ಸೇರಿತು. `Inconclusive` ಎಂದರೆ ‘ಕಾಯಿಲೆ ಇರಬಹುದು’ ಎಂದಲ್ಲ, ‘ಈ ಮೂವತ್ತು ಸೆಕೆಂಡಿನ ಗೆರೆಯನ್ನು ನನ್ನ ಪಟ್ಟಿಯ ಯಾವ ಹೆಸರಿಗೂ ಹೊಂದಿಸಲಾಗಲಿಲ್ಲ’ ಎಂದಷ್ಟೇ. ಕೈ ನಡುಗಿದರೆ, ವಾಚು ಸರಿಯಾಗಿ ಅಂಟಿಕೊಂಡಿಲ್ಲದಿದ್ದರೆ, ನಡುವೆ ಒಂದೆರಡು ಹೆಚ್ಚುವರಿ ಬಡಿತ ಬಂದರೆ ಹೀಗಾಗಬಹುದು. ಅಂಥ ಬಿಡಿ ಬಡಿತಗಳು ಆರೋಗ್ಯವಂತರಲ್ಲೂ ಸಾಮಾನ್ಯ.

ಅಂದರೆ ಥರ್ಮಾಮೀಟರ್ ಇಟ್ಟುಕೊಂಡರೆ ಜ್ವರ ಬರುವುದಿಲ್ಲ, ಆದರೆ ಹೆದರಿಕೊಂಡು ಬಡಿತ ನೋಡಿದರೆ ಬಡಿತ ಏರುತ್ತದೆ. ಅಳೆಯುವ ಕೆಲಸವೇ ಅಳತೆಯನ್ನು ಬದಲಿಸುತ್ತದೆ. ಬಡಿತದ ವಿಷಯದಲ್ಲಿ ವಾಚು ಇಷ್ಟು ಕಾಡುವುದಕ್ಕೆ ಇದೇ ಕಾರಣ.

ಸಂಖ್ಯೆ ಇಳಿದಾಗ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಅರ್ಧ ಗಂಟೆಯ ನಂತರ ಅವರಿಗೆ 72 ಕಾಣುತ್ತದೆ, ‘ಅಬ್ಬ’ ಅನ್ನಿಸುತ್ತದೆ. ಈ ‘ಅಬ್ಬ’ ಇದೆಯಲ್ಲ, ಅದು ಮನಸ್ಸಿಗೆ ಒಂದು ತಪ್ಪು ಪಾಠ ಕಲಿಸುತ್ತದೆ: ‘ನೋಡಿದ್ದರಿಂದ ಬಚಾವಾದೆ’. ನೋಡದಿದ್ದರೂ ಅದು 72ಕ್ಕೆ ಇಳಿಯುತ್ತಿತ್ತು ಎಂದು ತಿಳಿಯುವ ಅವಕಾಶವೇ ಸಿಗಲಿಲ್ಲ. ಸಮಾಧಾನ ಹತ್ತು ಹದಿನೈದು ನಿಮಿಷ ಬಾಳುತ್ತದೆ, ಆಮೇಲೆ ‘ಈಗ ಹೇಗಿದೆಯೋ?’ ಎಂಬ ಹೊಸ ಅನುಮಾನ. 916ಕ್ಕೆ ಹೋಗುವ ದಾರಿ ಇದೇ.

ಹಾಗಾದರೆ ವಾಚು ಬಿಚ್ಚಿ ಬೀರುವಿನಲ್ಲಿ ಇಟ್ಟರಾಯಿತಲ್ಲ? ಕೆಲವರಿಗೆ ಎರಡು ವಾರ ಬಿಚ್ಚಿಡುವುದು ಒಳ್ಳೆಯ ಪ್ರಯೋಗವೇ. ಆದರೆ ನೋಡುವ ಚಟ ವಾಚಿನಲ್ಲಿಲ್ಲ, ನೋಡುವವರಲ್ಲಿದೆ. ವಾಚು ಹೋದರೆ ಬೆರಳು ಕುತ್ತಿಗೆಯ ನಾಡಿಗೆ ಹೋಗುತ್ತದೆ, ಕೋವಿಡ್ ಕಾಲದಲ್ಲಿ ತಂದಿಟ್ಟ ಪಲ್ಸ್ ಆಕ್ಸಿಮೀಟರ್ ಹೊರಗೆ ಬರುತ್ತದೆ, ಬಿಪಿ ಮಷೀನ್ ಹಾಸಿಗೆಯ ಪಕ್ಕ ಸೇರುತ್ತದೆ. ಆದ್ದರಿಂದ ನೋಡುವ ರೀತಿಯನ್ನೇ ಬದಲಿಸಬೇಕು. ನಮ್ಮ ಬ್ಯಾಂಕ್ ನೌಕರರನ್ನೇ ಇಟ್ಟುಕೊಂಡು ನಾಲ್ಕು ವಾರ ಹೇಗೆ ನಡೆಯುತ್ತದೆ ಹೇಳುತ್ತೇನೆ. ಮೊದಲೇ ವೈದ್ಯರನ್ನು ಕಂಡಿರಬೇಕು ಎಂಬುದು ಷರತ್ತು. ಒಂದು ಸಲ ಸರಿಯಾಗಿ ತೋರಿಸಿಕೊಳ್ಳಿ. ಅದೇ ಪರೀಕ್ಷೆಯನ್ನು ಮೂರನೇ ಡಾಕ್ಟರ ಹತ್ತಿರ ಮತ್ತೆ ಮಾಡಿಸಿಕೊಳ್ಳುವುದು ಬೇಡ.

ಮೊದಲ ವಾರ ಏನನ್ನೂ ಬಿಡಬೇಡಿ, ನೋಡಿದ್ದನ್ನು ಎಣಿಸಿ. ಜೇಬಿನಲ್ಲಿ ಒಂದು ಚೀಟಿ, ಪ್ರತಿ ಸಲ ಬಡಿತ ನೋಡಿದಾಗ ಒಂದು ಗೆರೆ. ಗಂಟೆ ನೋಡಲು ಹೋಗಿ ಕಣ್ಣು ಬಡಿತಕ್ಕೆ ಜಾರಿದರೂ ಗೆರೆ. ಕುತ್ತಿಗೆ ಮುಟ್ಟಿದ್ದಕ್ಕೂ, ‘ನೋಡೇ, ನನ್ನ ಪಲ್ಸ್ ಸರಿ ಇದೆಯಾ?’ ಎಂದು ಹೆಂಡತಿಯನ್ನು ಕೇಳಿದ್ದಕ್ಕೂ, ಗೂಗಲ್ ಮಾಡಿದ್ದಕ್ಕೂ ಗೆರೆ. ಅವರು ‘ಹತ್ತು ಸಲ ಇರಬಹುದು’ ಎಂದುಕೊಂಡಿದ್ದರು, ಚೀಟಿಯಲ್ಲಿ ದಿನಕ್ಕೆ ನಲವತ್ತಾರು ಬಂತು. ಗಮನಿಸಿ, ಅಳೆಯುತ್ತಿರುವ ವಸ್ತು ಇಲ್ಲಿ ಬದಲಾಯಿತು. ಇನ್ನು ಮೇಲೆ ಇಳಿಯಬೇಕಾದ ಸಂಖ್ಯೆ ಬಡಿತದ್ದಲ್ಲ, ಈ ಗೆರೆಗಳದ್ದು.

ಎರಡನೇ ವಾರ ಕಣ್ಣಿಗೆ ಬೀಳುವುದನ್ನು ಕಡಿಮೆ ಮಾಡಿ. ವಾಚಿನ ಮುಖದ ಮೇಲಿನ ಹೃದಯದ ಚಿತ್ರ ತೆಗೆದುಹಾಕಿ, ಗಂಟೆ ಮತ್ತು ದಿನಾಂಕ ಸಾಕು. ಒತ್ತಡ, ಆಮ್ಲಜನಕ, ‘ಇವತ್ತಿನ ಸಿದ್ಧತೆ’ ಇಂಥವುಗಳ ಸೂಚನೆ ನಿಲ್ಲಿಸಿ. ಬೆಳಿಗ್ಗೆ ಎದ್ದ ಕೂಡಲೇ ನಿದ್ದೆಯ ಅಂಕ ನೋಡುವುದನ್ನೂ ಬಿಡಿ. ಆದರೆ ಎಲ್ಲ ಎಚ್ಚರಿಕೆಗಳನ್ನೂ ಆರಿಸಬೇಡಿ. ಉದಾಹರಣೆಗೆ ಆಪಲ್ ವಾಚಿನಲ್ಲಿ ಫೋನಿನ `Watch` ಆಪ್ ತೆರೆದು `Heart`ಗೆ ಹೋದರೆ ಹೆಚ್ಚು ಮತ್ತು ಕಡಿಮೆ ಬಡಿತದ ಎಚ್ಚರಿಕೆಗಳಿರುತ್ತವೆ. ಹತ್ತು ನಿಮಿಷ ಅಲ್ಲಾಡದೆ ಇದ್ದಂತೆ ಕಂಡಾಗಲೂ ಬಡಿತ 120 ದಾಟಿದ್ದರೆ, ಅಥವಾ 40ಕ್ಕಿಂತ ಕೆಳಗಿದ್ದರೆ ಅದು ಹೇಳುತ್ತದೆ. ಹೆಚ್ಚಿನ ಮಿತಿಯನ್ನು ಹೆದರಿ 100ಕ್ಕೆ ಇಳಿಸಿಕೊಂಡವರಿದ್ದಾರೆ. ಅದನ್ನು ಮತ್ತೆ 120ಕ್ಕೆ ತನ್ನಿ. 100ರಲ್ಲಿಟ್ಟರೆ ಕ್ರಿಕೆಟ್ಟಿನ ಕೊನೆಯ ಓವರಿಗೂ ಕೂಗುತ್ತದೆ. ಎಚ್ಚರಿಕೆ ಆನ್ ಇಟ್ಟಿರುವುದಕ್ಕೂ ಒಂದು ಕಾರಣವಿದೆ: ‘ಏನಾದರೂ ಇದ್ದರೆ ಅದೇ ಕರೆಯುತ್ತದೆ, ನಾನು ಕಾವಲು ಕೂರಬೇಕಿಲ್ಲ’ ಎಂದು ಮನಸ್ಸಿಗೆ ಹೇಳಲು ಬರುತ್ತದೆ. ಮಲಗಿದಾಗ ಬಡಿತ ನಲವತ್ತರ ಆಸುಪಾಸಿಗೆ ಇಳಿಯುವವರು, ಮುಖ್ಯವಾಗಿ ಓಟ, ಸೈಕಲ್ ಅಭ್ಯಾಸವಿರುವವರು, ಕೆಳಗಿನ ಮಿತಿಯ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

ಇದೇ ವಾರ ‘ತಡ ಮಾಡುವ’ ಅಭ್ಯಾಸವೂ ಶುರು. ನೋಡಬೇಕು ಅನ್ನಿಸಿದಾಗ ಬೇಡ ಅನ್ನಬೇಡಿ, ‘ಐದು ನಿಮಿಷ ಬಿಟ್ಟು’ ಅನ್ನಿ. ಆ ಐದು ನಿಮಿಷ ಮಾಡುತ್ತಿದ್ದ ಕೆಲಸ ಮುಂದುವರಿಸಿ. ದೀರ್ಘ ಉಸಿರು ಎಳೆಯುತ್ತ ಎದೆಯನ್ನೇ ಆಲಿಸುತ್ತ ಕೂರುವುದು ಬೇಡ, ಅದೂ ಒಂದು ಬಗೆಯ ತಪಾಸಣೆ. ಐದು ನಿಮಿಷ ಕಳೆದ ಮೇಲೂ ಬೇಕೆನ್ನಿಸಿದರೆ ನೋಡಿ. ಎರಡು ಮೂರು ದಿನಕ್ಕೆ ಐದನ್ನು ಹದಿನೈದು ಮಾಡಿ, ಆಮೇಲೆ ಅರ್ಧ ಗಂಟೆ. ಶುರುವಿನ ಕೆಲವು ದಿನ ಚಡಪಡಿಕೆ ಹೆಚ್ಚುವುದನ್ನು ನಿರೀಕ್ಷಿಸಿ. ‘ಇದು ನನಗೆ ಆಗಿಬರುವುದಿಲ್ಲ’ ಎಂದು ಬಹಳಷ್ಟು ಜನ ಕೈಬಿಡುವುದು ಅಲ್ಲೇ. ತಡೆದ ಅಭ್ಯಾಸ ಇಳಿಯುವ ಮೊದಲು ಒಂದು ಸಲ ಜೋರು ಮಾಡುವುದುಂಟು.

ಮೂರನೇ ವಾರ ಒಂದು ಪರೀಕ್ಷೆ. ವೈದ್ಯರು ವ್ಯಾಯಾಮಕ್ಕೆ ಒಪ್ಪಿದ್ದರೆ ಮಾತ್ರ. ಕಾಗದದ ಮೇಲೆ ಬರೆಯಿರಿ: ‘ಎರಡು ಮಹಡಿ ಹತ್ತಿ ಬಡಿತ 130 ಆದರೆ, ನಾನು ನೋಡುತ್ತ ಇರದಿದ್ದರೆ, ಕುಸಿದು ಬೀಳುತ್ತೇನೆ’. ಪಕ್ಕದಲ್ಲಿ ಅದನ್ನು ಎಷ್ಟು ನಂಬುತ್ತೀರಿ ಎಂದು ನೂರಕ್ಕೆ ಅಂಕ ಕೊಡಿ. ಅವರು 70 ಎಂದು ಬರೆದರು. ನಂತರ ಹತ್ತಿ, ಕೂತು, ಹತ್ತು ನಿಮಿಷ ವಾಚು ನೋಡದೆ ಪೇಪರ್ ಓದಿ. ಏನಾಯಿತು ಎಂದು ಬರೆದು ಮತ್ತೆ ಅಂಕ ಕೊಡಿ. ಮೊದಲ ಸಲ 70 ಎಂಬುದು 55 ಆಗಬಹುದು, ಅಷ್ಟೇ. ವಾರದಲ್ಲಿ ಐದಾರು ಸಲ ಮಾಡಿದರೆ ಇಪ್ಪತ್ತರ ಕಡೆಗೆ ಇಳಿಯುತ್ತದೆ. ಬಾಯಿಮಾತಿನ ‘ಏನೂ ಆಗಲ್ಲ ಬಿಡಿ’ಯಿಂದ ಇದು ಸಾಧ್ಯವಿಲ್ಲ.

ಮನೆಯವರ ಮಾತು ಬಂದದ್ದರಿಂದ ಒಂದು ವಿಷಯ. ಗಂಡ ಹತ್ತನೇ ಸಲ ಕೈ ಚಾಚಿದಾಗ ನಾಡಿ ಹಿಡಿದು ‘ಸರಿ ಇದೆ’ ಎನ್ನುವುದು ಪ್ರೀತಿಯಿಂದಲೇ, ಆದರೆ ಅದು ಎರಡನೇ ವಾಚು. ಗದರುವುದೂ ಬೇಡ. ಮೊದಲೇ ಇಬ್ಬರೂ ಮಾತಾಡಿಕೊಂಡು ಒಂದು ಉತ್ತರ ಗೊತ್ತು ಮಾಡಿಕೊಳ್ಳಿ: ‘ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ ಕಣ್ರೀ. ಪಲ್ಸ್ ಮಾತ್ರ ನೋಡಲ್ಲ ಅಂತ ನಾವೇ ಮಾತಾಡ್ಕೊಂಡಿದ್ವಲ್ಲ. ಬನ್ನಿ, ಹೊರಗೆ ಸ್ವಲ್ಪ ಹೊತ್ತು ಕೂರೋಣ.’

ನಾಲ್ಕನೇ ವಾರದಿಂದ ಮಾಹಿತಿಯನ್ನು ನಿಜವಾಗಿ ಬಳಸುವ ಕೆಲಸ. ವಾರಕ್ಕೆ ಒಂದು ದಿನ, ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಎಂದಿಟ್ಟುಕೊಳ್ಳಿ, ಹತ್ತು ನಿಮಿಷ. ನೋಡುವುದು ಒಂದೇ ಸಾಲು: ವಿಶ್ರಾಂತಿ ಸ್ಥಿತಿಯ ಎದೆಬಡಿತ. ಆ ಗಳಿಗೆಯ ಬಡಿತಕ್ಕೆ ಅರ್ಥ ಕಡಿಮೆ, ವಾಚೇ ದಿನಪೂರ್ತಿ ನೋಡಿ ತೆಗೆದ ಈ ಸಂಖ್ಯೆಗೆ ಅರ್ಥ ಹೆಚ್ಚು. ನಮ್ಮ ನೌಕರರ ಹದಿನಾಲ್ಕು ದಿನಗಳ ಪಟ್ಟಿಯಲ್ಲಿ ಅತಿ ಕಡಿಮೆ 63, ಅತಿ ಹೆಚ್ಚು 70, ಏರಿಕೆಯ ಕ್ರಮದಲ್ಲಿ ಬರೆದರೆ ನಟ್ಟನಡುವೆ 65. ಹಾಗಾದರೆ ಅವರ ಓಣಿ 63ರಿಂದ 70. ಪಕ್ಕದ ಮನೆಯವರದ್ದು 52 ಇರಬಹುದು, ಅದು ಇವರಿಗೆ ಸಂಬಂಧವಿಲ್ಲ. 70 ಬಂದ ದಿನ ಏನಿತ್ತು ಎಂದು ನೋಡಿದರೆ ಹಿಂದಿನ ರಾತ್ರಿ ಮದುವೆಯೂಟ, ಹನ್ನೆರಡಕ್ಕೆ ನಿದ್ದೆ. ಮದ್ಯ, ನಿದ್ದೆಗೇಡು, ನೀರು ಸಾಲದಿರುವುದು, ಸೆಖೆ, ನೆಗಡಿ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮೊದಲಿನ ದಿನಗಳು, ಇವೆಲ್ಲ ಅದನ್ನು ಏರಿಸುತ್ತವೆ. ಜ್ವರ ಬಂದರಂತೂ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಹತ್ತು ಬಡಿತ.

ಇನ್ನು ಒಂದು ನಿಯಮವನ್ನು ಮನಸ್ಸು ತಣ್ಣಗಿರುವಾಗಲೇ ವೈದ್ಯರ ಜತೆ ಕೂತು ಬರೆದಿಡಿ. ಅವರು ಬರೆದದ್ದು ಹೀಗಿತ್ತು: ‘ಜ್ವರವಿಲ್ಲದೆ, ಬೇರೆ ಕಾರಣ ಕಾಣದೆ, ಓಣಿಗಿಂತ ಹತ್ತು ಹೆಚ್ಚಾಗಿ ಒಂದು ವಾರ ಮುಂದುವರಿದರೆ ಡಾಕ್ಟರನ್ನು ಕಾಣುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಭಾನುವಾರದವರೆಗೆ ಆಪ್ ತೆರೆಯುವುದಿಲ್ಲ.’ ಇಂಥ ಏರಿಕೆಯಿಂದ ಥೈರಾಯ್ಡ್, ರಕ್ತಹೀನತೆ ಪತ್ತೆಯಾಗುವುದೂ ಉಂಟು, ಹಾಗಾಗಿ ವಾಚು ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಅಂಕಿಗಳು ಬೇರೆ ಇರುತ್ತವೆ. ಹೃದ್ರೋಗವಿರುವವರು, ಗರ್ಭಿಣಿಯರು, ಬಡಿತ ಇಳಿಸುವ ಮಾತ್ರೆ ನುಂಗುವವರು ಇದೇ ನಿಯಮವನ್ನು ಎತ್ತಿಕೊಳ್ಳಬಾರದು.

ನಿಯಮದ ಹೊರಗೆ ನಿಲ್ಲುವ ಸ್ಥಿತಿಗಳೂ ಇವೆ, ಅಲ್ಲಿ ವಾಚು ನೋಡುವುದೇ ಬೇಡ. ಎದೆಯ ಮೇಲೆ ಭಾರವಿಟ್ಟಂತೆ ಹಿಂಡುವ ನೋವು ಕೆಲವು ನಿಮಿಷವಾದರೂ ಇಳಿಯದಿದ್ದರೆ, ಅಥವಾ ಬೆವರು, ವಾಕರಿಕೆ, ಎಡಗೈ ಅಥವಾ ದವಡೆಗೆ ಹರಡುವ ನೋವು ಜತೆಗಿದ್ದರೆ, ಪ್ರಜ್ಞೆ ತಪ್ಪಿದರೆ, ಸುಮ್ಮನೆ ಕೂತಿರುವಾಗಲೇ ಉಸಿರು ಸಿಗದಿದ್ದರೆ, ಮುಖ, ಕೈ ಒಂದು ಕಡೆ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಂದ ಓದಿಸುವ ವ್ಯವಸ್ಥೆ ಇದೆ. ಆ ಇಸಿಜಿಗೆ ಹೋಗಿ, ಮಣಿಕಟ್ಟಿನದ್ದಕ್ಕೆ ಕಾಯಬೇಡಿ.

ಇಷ್ಟು ಮಾಡಿಯೂ ಗೆರೆಗಳು ಇಳಿಯದಿದ್ದರೆ, ಕೆಲಸಕ್ಕೆ, ನಿದ್ದೆಗೆ ಅಡ್ಡಿಯಾಗುತ್ತಿದ್ದರೆ ಒಬ್ಬರೇ ಗುದ್ದಾಡಬೇಕಿಲ್ಲ. ಆರೋಗ್ಯದ ಆತಂಕಕ್ಕೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಹೇಳಿದ್ದೆಲ್ಲ ಅದರದ್ದೇ ತುಣುಕುಗಳು. ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಈಗ ಪ್ರಶ್ನೆಗಳು. ಒಬ್ಬರು ಕೇಳಿದರು: ‘ಸರ್, ವಾಚು ಲಯ ತಪ್ಪಿದೆ ಅಂತ ನಿಜವಾಗಿ ಎಚ್ಚರಿಕೆ ಕೊಟ್ಟರೆ? ಅದನ್ನೂ ಭಾನುವಾರಕ್ಕೆ ಇಡಬೇಕಾ?’ ಇಡಬೇಡಿ, ವೈದ್ಯರಿಗೆ ತೋರಿಸಿ. ನೀವಾಗಿ ನೂರು ಸಲ ಹೋಗಿ ನೋಡುವುದು ಬೇರೆ, ವಾಚು ತಾನಾಗಿ ಕರೆಯುವುದು ಬೇರೆ. ಆದರೆ ಎದೆನೋವು, ತಲೆಸುತ್ತು ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಓಡಬೇಕಿಲ್ಲ, ಆ ವಾರದಲ್ಲಿ ಕಂಡರೆ ಸಾಕು. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿದ್ದರು. ಎಚ್ಚರಿಕೆ ಬಂದದ್ದು ಸಾವಿರಕ್ಕೆ ಸುಮಾರು ಐದು ಜನರಿಗೆ. ನಂತರ ಎದೆಗೆ ಪ್ಯಾಚ್ ಅಂಟಿಸಿ ಪರೀಕ್ಷಿಸಿದವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡದ್ದು ನೂರಕ್ಕೆ 34 ಜನರಲ್ಲಿ. ಉಳಿದವರಲ್ಲಿ ಎಲ್ಲವೂ ಸುಳ್ಳು ಎಚ್ಚರಿಕೆಯೂ ಅಲ್ಲ, ಅದು ಬಂದು ಹೋಗುವ ತೊಂದರೆ. ಅಲ್ಲದೆ ನಲವತ್ತರ ಒಳಗಿನವರಿಗಿಂತ ಅರವತ್ತೈದು ದಾಟಿದವರಿಗೆ ಎಚ್ಚರಿಕೆ ಹೆಚ್ಚು ಬಂತು. ಅದೇ ಸಂದೇಶ ಎಪ್ಪತ್ತರ ಅಜ್ಜಿಗೆ ಬಂದರೆ ತೂಕ ಹೆಚ್ಚು, ಇಪ್ಪತ್ತೈದರ ಮೊಮ್ಮಗನಿಗೆ ಬಂದರೆ ಕಡಿಮೆ.

ಇನ್ನೊಬ್ಬರದ್ದು ನಿದ್ದೆಯ ಅಂಕದ ಪ್ರಶ್ನೆ: ‘ಚೆನ್ನಾಗಿ ಮಲಗಿ ಎದ್ದೆ ಅನ್ನಿಸುತ್ತೆ ಮೇಡಂ, ವಾಚು 58 ಅನ್ನುತ್ತೆ. ಆಮೇಲೆ ಇಡೀ ದಿನ ಸುಸ್ತು.’ ನಮ್ಮ ಜತೆ ವೇದಿಕೆಯಲ್ಲಿದ್ದ ಮನೋವೈದ್ಯೆ ಉತ್ತರಿಸಿದರು. ನಿದ್ದೆಯ ಹಂತಗಳು ತಿಳಿಯಬೇಕಾದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡಬೇಕು. ವಾಚು ಕೈಯ ಅಲುಗಾಟ, ಬಡಿತ ನೋಡಿ ಊಹಿಸುತ್ತದೆ. 2017ರಲ್ಲೇ ಅಮೆರಿಕದ ನಿದ್ದೆ ತಜ್ಞರು ಇಂಥ ಅಂಕದ ಬೆನ್ನು ಹತ್ತಿ ನಿದ್ದೆ ಕಳೆದುಕೊಳ್ಳುವವರಿಗೆ ‘ಆರ್ಥೋಸೋಮ್ನಿಯಾ’ ಎಂಬ ಹೆಸರು ಕೊಟ್ಟರು. ಮನೋವೈದ್ಯೆ ಹೇಳಿದ ಉಪಾಯ ಸರಳ: ಎದ್ದ ಮೇಲೆ, ಆಪ್ ತೆರೆಯುವ ಮೊದಲು, ನಿಮ್ಮ ನಿದ್ದೆಗೆ ನೀವೇ ಹತ್ತಕ್ಕೆ ಅಂಕ ಬರೆಯಿರಿ. ವಾಚಿನ ಅಂಕವನ್ನು ಸಂಜೆ ಆರರ ನಂತರವೇ ನೋಡಿ. ಎರಡು ವಾರದ ಮೇಲೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ, ನಿಮ್ಮ ಹಗಲು ಯಾವ ಅಂಕದ ಪ್ರಕಾರ ಕಳೆದಿದೆ ಎಂದು ನಿಮಗೇ ಕಾಣುತ್ತದೆ.